1,500 ಕಟ್ಟಿದ ಮೇಲೂ ಸಾಲ ಏರಿದ್ದು ಹೇಗೆ?

ಏಪ್ರಿಲ್ 11ರಂದು ಒಬ್ಬರು ಕ್ರೆಡಿಟ್ ಕಾರ್ಡ್ ಉಜ್ಜಿ 30,000 ರೂಪಾಯಿಯ ಫ್ರಿಜ್ ಕೊಂಡರು ಎನ್ನಿ. ಅವರ ಕಾರ್ಡಿನ ಬಿಲ್ ಪ್ರತಿ ತಿಂಗಳು 10ಕ್ಕೆ ಸಿದ್ಧವಾಗುತ್ತದೆ, ಕಟ್ಟಲು 30ರವರೆಗೆ ಗಡುವು. ಫ್ರಿಜ್ಜಿನ ಲೆಕ್ಕ ಮೇ 10ರ ಬಿಲ್ಲಿಗೆ ಬಂತು. ಮೇ 30ಕ್ಕೆ ಪೂರ್ತಿ ಕಟ್ಟಿದರೆ 49 ದಿನ ಬ್ಯಾಂಕಿನ ಹಣ ಪುಕ್ಕಟೆಯಾಗಿ ಕೈಯಲ್ಲಿದ್ದಂತಾಯಿತು. ಅದೇ ಫ್ರಿಜ್ಜನ್ನು ಮೇ 9ರಂದು ಕೊಂಡಿದ್ದರೆ ಬಡ್ಡಿಯಿಲ್ಲದ ಅವಧಿ ಬರೀ 21 ದಿನ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ 50 ದಿನ, ಬಿಲ್ ಆದ ಮರುದಿನವೇ ಖರೀದಿ ಮಾಡಿದವರಿಗೆ ಮಾತ್ರ ಸಿಗುವ ಗರಿಷ್ಠ ಮಿತಿ. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರಂತೂ ಒಂದು ದಿನದ ವಿನಾಯಿತಿಯೂ ಇಲ್ಲ.

ಈ ವಿನಾಯಿತಿಗೆ ಒಂದು ಷರತ್ತಿದೆ, ಬಿಲ್ಲಿನ ಹಣ ಪೂರ್ತಿ ಸಂದಾಯವಾಗಬೇಕು. ಆದರೆ ಬಿಲ್ಲಿನಲ್ಲಿ ಒಟ್ಟು ಬಾಕಿಯ ಪಕ್ಕದಲ್ಲೇ ಇನ್ನೊಂದು ಸಂಖ್ಯೆ ಇರುತ್ತದೆ, 'ಮಿನಿಮಮ್ ಡ್ಯೂ'. ಸಾಮಾನ್ಯವಾಗಿ ಇದು ಬಾಕಿಯ ಶೇ 5ರ ಆಸುಪಾಸು. ನಮ್ಮ ಫ್ರಿಜ್ ಮಾಲೀಕರಿಗೆ 1,500 ರೂಪಾಯಿ. ಆ ತಿಂಗಳು ಕೈ ಬಿಗಿಯಾಗಿತ್ತು, ಅಷ್ಟನ್ನೇ ಕಟ್ಟಿದರು. ತಡ ಪಾವತಿಯ ದಂಡ ಬೀಳಲಿಲ್ಲ, ವಸೂಲಿಯವರ ಫೋನೂ ಬರಲಿಲ್ಲ. ಗಂಡಾಂತರ ಕಳೆಯಿತು ಎಂದುಕೊಂಡರು.

ಜೂನ್ 10ರ ಬಿಲ್ ನೋಡೋಣ. ಬಡ್ಡಿ ತಿಂಗಳಿಗೆ ಶೇ 3.5, ಅಂದರೆ ವರ್ಷಕ್ಕೆ ಶೇ 42 ಎಂದಿಟ್ಟುಕೊಳ್ಳಿ. ನಮ್ಮಲ್ಲಿ ಅನೇಕ ಕಾರ್ಡುಗಳ ದರ ಹೀಗೇ ಇದೆ. ಉಳಿದ 28,500ಕ್ಕೆ ಬಡ್ಡಿ ಗಡುವು ಮುಗಿದ ಮೇ 30ರಿಂದ ಶುರುವಾಗುತ್ತದೆ ಎಂದು ಬಹಳ ಜನ ತಿಳಿದಿರುತ್ತಾರೆ. ಹಾಗಲ್ಲ. ಪೂರ್ತಿ ಕಟ್ಟದೆ ಹೋದಾಗ ವಿನಾಯಿತಿಯೇ ಬಿದ್ದುಹೋಗುತ್ತದೆ, ಬಡ್ಡಿ ಹಿಂದಕ್ಕೆ ಹೋಗಿ ಖರೀದಿಯ ದಿನದಿಂದ, ಏಪ್ರಿಲ್ 11ರಿಂದ ಎಣಿಕೆಯಾಗುತ್ತದೆ. 60 ದಿನಕ್ಕೆ 1,968 ರೂಪಾಯಿ ಬಡ್ಡಿ. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 354 ರೂಪಾಯಿ. ಹೊಸ ಬಾಕಿ 30,822. ಒಂದೂವರೆ ಸಾವಿರ ಕಟ್ಟಿದ ಮೇಲೂ ಸಾಲ ಮೊದಲಿಗಿಂತ 822 ರೂಪಾಯಿ ಹೆಚ್ಚು!

ಮುಂದಿನ ತಿಂಗಳುಗಳಲ್ಲಿ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಕನಿಷ್ಠ ಮೊತ್ತವನ್ನು ಕಟ್ಟಿದರೂ ಸಾಲ ತಾನಾಗಿ ಬೆಳೆಯುತ್ತಾ ಹೋಗದಂತೆ ಅದನ್ನು ನಿಗದಿಮಾಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಹೇಳುತ್ತದೆ. ಹಾಗಾಗಿ ಬಾಕಿ ಇಳಿಯುತ್ತದೆ, ಆದರೆ ಎಷ್ಟು? ಈಗ ಕಟ್ಟಬೇಕಾದ ಶೇ 5 ಎಂದರೆ 1,541. ಅದರಲ್ಲಿ ಸುಮಾರು 1,230 ಬಡ್ಡಿಗೂ ತೆರಿಗೆಗೂ ಹೋಗಿ, ಅಸಲಿಗೆ ದಕ್ಕುವುದು 300 ರೂಪಾಯಿ. ಬಾಕಿ ತಗ್ಗಿದಂತೆ ಕನಿಷ್ಠ ಮೊತ್ತವೂ ತಗ್ಗುವುದರಿಂದ ಈ 300 ಕೂಡ ತಿಂಗಳಿಂದ ತಿಂಗಳಿಗೆ ಸಣ್ಣದಾಗುತ್ತದೆ. ಇದೇ ಕ್ರಮದಲ್ಲಿ ಹೋದರೆ ಸಾಲ ಅರ್ಧಕ್ಕೆ ಇಳಿಯಲು ಸುಮಾರು ಆರು ವರ್ಷ ಬೇಕು. ಅದೂ ಕಾರ್ಡನ್ನು ಮತ್ತೆ ಮುಟ್ಟದಿದ್ದರೆ.

ಮುಟ್ಟದೆ ಇರುವವರು ಯಾರು? ನಿಜವಾದ ಪೆಟ್ಟು ಇರುವುದು ಇಲ್ಲಿ. ಹಳೆ ಬಾಕಿ ಹೀಗೆ ತಿಂಗಳಿಂದ ತಿಂಗಳಿಗೆ ಉರುಳುತ್ತಿರುವಷ್ಟು ಕಾಲ ಹೊಸ ಖರೀದಿಗೂ ವಿನಾಯಿತಿ ಇರುವುದಿಲ್ಲ. ಜೂನ್ 15ರಂದು ತಂದ ದಿನಸಿಗೆ ಜೂನ್ 15ರಿಂದಲೇ ಬಡ್ಡಿ. ತಿಂಗಳಿಗೆ ಅಸಲು ಇಳಿಯುವುದೇ 300 ರೂಪಾಯಿ ಆದ್ದರಿಂದ, ಒಂದು ಸಲ ಬೈಕಿಗೆ ಪೆಟ್ರೋಲ್ ಹಾಕಿಸಿ ಒಂದು ಮೊಬೈಲ್ ರೀಚಾರ್ಜ್ ಮಾಡಿಸಿದರೆ ಸಾಲ ಮತ್ತೆ ಮೇಲೇರಿತು. ಕನಿಷ್ಠ ಮೊತ್ತವನ್ನು ತಪ್ಪದೆ ಕಟ್ಟುತ್ತಿರುವವರ ಬಾಕಿ ವರ್ಷ ಕಳೆದರೂ ಏರುತ್ತಲೇ ಇರುವುದು ಹೀಗೆ. ಬ್ಯಾಂಕಿನ ದಾಖಲೆಯಲ್ಲಿ ಅವರು ಒಳ್ಳೆಯ ಗ್ರಾಹಕರೇ, ಲಾಭ ತರುವ ಗ್ರಾಹಕರು ಕೂಡ.

ಹೊರಬರಲು ಹೊರಟವರನ್ನು ಗೊಂದಲಕ್ಕೆ ಹಾಕುವ ಇನ್ನೊಂದು ಸಂಗತಿ ಇದೆ. ಜೂನ್ 30ಕ್ಕೆ 30,822ನ್ನು ಪೂರ್ತಿ ಕಟ್ಟಿದರೂ ಜುಲೈ ಬಿಲ್ಲಿನಲ್ಲಿ ಸುಮಾರು 700 ರೂಪಾಯಿ ಬಡ್ಡಿ, ಜೊತೆಗೆ ಜಿಎಸ್‌ಟಿ ಕಾಣಿಸುತ್ತದೆ. ಇದು ಮೋಸವಲ್ಲ, ಜೂನ್ 10ರಿಂದ 30ರವರೆಗಿನ 20 ದಿನದ ಬಡ್ಡಿ. ಅದನ್ನೂ ತೀರಿಸಿ, ಮುಂದಿನ ಬಿಲ್ ಶೂನ್ಯ ಎಂದು ಖಾತ್ರಿಯಾದ ಮೇಲೆಯೇ ಕಾರ್ಡ್ ತೆಗೆಯುವುದು ಕ್ಷೇಮ. ಒಂದೇ ಸಲ ಕಟ್ಟಲಾಗದವರು ಕಾರ್ಡಿನ ಬಳಕೆ ನಿಲ್ಲಿಸಿ, ಕಡಿಮೆ ಬಡ್ಡಿಯ ವೈಯಕ್ತಿಕ ಸಾಲವನ್ನೋ ಚಿನ್ನದ ಸಾಲವನ್ನೋ ತೆಗೆದು ಇದನ್ನು ಮುಗಿಸಬಹುದು. ಬಾಕಿಯನ್ನು ಇಎಂಐಗೆ ಬದಲಾಯಿಸಿಕೊಳ್ಳುವ ದಾರಿಯೂ ಇದೆ, ಆದರೆ ಅದರ ಬಡ್ಡಿ ಮತ್ತು ಶುಲ್ಕ ಕೇಳಿಯೇ ಒಪ್ಪಿ.

ಬಿಲ್ ತಾನಾಗಿ ಪಾವತಿಯಾಗಲೆಂದು ಆಟೋ ಪೇ ಹಾಕಿಸಿದ್ದೀರಾ? ಅದರಲ್ಲಿ 'ಟೋಟಲ್ ಡ್ಯೂ', 'ಮಿನಿಮಮ್ ಡ್ಯೂ' ಎಂಬ ಎರಡು ಆಯ್ಕೆಗಳಿರುತ್ತವೆ. ನಿಮ್ಮದರಲ್ಲಿ ಯಾವುದಕ್ಕೆ ಗುರುತು ಬಿದ್ದಿದೆ ಎಂದು ಇವತ್ತೇ ತೆರೆದು ನೋಡಿ.