ಒಂದು ರೀಲ್‌ಗೆ ಒಂದೇ ಕೋರಿಕೆ

ಪ್ರಶ್ನೆ: ನಮ್ಮ ಉಪ್ಪಿನಕಾಯಿ ಅಂಗಡಿಯ ರೀಲ್ಸ್ ಕೊನೆಗೆ ‘ಸೇವ್ ಮಾಡಿ, ಕಮೆಂಟ್ ಮಾಡಿ, ಫಾಲೋ ಮಾಡಿ, ಅಂಗಡಿಗೆ ಬನ್ನಿ’ ಎನ್ನುತ್ತೇನೆ. ಯಾರೂ ಕಿವಿಗೊಡುತ್ತಿಲ್ಲ, ಏಕೆ?

ಉತ್ತರ: ನಾಲ್ಕು ಕೆಲಸ ಹೇಳಿದರೆ ಒಂದೂ ಆಗುವುದಿಲ್ಲ. ಕೋರಿಕೆ ಒಂದೇ ಇರಲಿ, ಅದು ಆ ರೀಲ್‌ನಿಂದಲೇ ಹುಟ್ಟಲಿ. ಮಾವಿನ ಮಿಡಿಗೆ ಉಪ್ಪಿನ ಅಳತೆ ತೋರಿಸಿದ್ದರೆ, ‘ಮಿಡಿ ಬರುವ ಹೊತ್ತಿಗೆ ಬೇಕಾಗುತ್ತದೆ, ಸೇವ್ ಮಾಡಿಟ್ಟುಕೊಳ್ಳಿ’ ಎನ್ನಿ. ಕಮೆಂಟ್ ಬೇಕಾದರೆ ‘ಅಭಿಪ್ರಾಯ ತಿಳಿಸಿ’ ಬೇಡ (ಪರೀಕ್ಷೆ ಬರೆದಂತಾಗುತ್ತದೆ!), ‘ನಿಮ್ಮ ಮನೆಯಲ್ಲಿ ಮಿಡಿಯೋ, ಹೋಳೋ?’ ಎಂದು ಕೇಳಿ, ಒಂದೇ ಪದದಲ್ಲಿ ಉತ್ತರಿಸಬಹುದು. ‘ಇದೇ ಮಿಡಿಗೆ ಮುಂದಿನ ವಾರ ಖಾರ ಬೆರೆಸುತ್ತೇವೆ’ ಎಂದರೆ ಫಾಲೋ ಮಾಡಲು ಕಾರಣ ಸಿಕ್ಕಿತು. ಅಂಗಡಿಗಾದರೆ ‘ಶನಿವಾರ ಬೆಳಿಗ್ಗೆ ಹೊಸ ಭರಣಿ ತೆರೆಯುತ್ತೇವೆ, ರುಚಿ ನೋಡಿ ಹೋಗಿ’ ಎನ್ನಿ, ವಿಳಾಸ ಪರದೆಯ ಮೇಲಿರಲಿ. ಸೇವ್‌ಗಳ ಲೆಕ್ಕ ಫೋನಿನಲ್ಲೇ ಕಾಣುತ್ತದೆ; ಬಂದವರ ಲೆಕ್ಕಕ್ಕೆ ಮಾತ್ರ ಗಲ್ಲಾದಲ್ಲಿ ‘ಎಲ್ಲಿ ನೋಡಿದಿರಿ?’ ಎಂದು ಕೇಳಲೇಬೇಕು.