ತೆಂಗಿನ ಹೋಳಿನಲ್ಲಿ ಕಾಯಿ ಎಷ್ಟು?

ಒಡೆದ ತೆಂಗಿನಕಾಯಿಯ ಒಂದು ಹೋಳನ್ನು ಸರಿಯಾದ ಅರ್ಧಗೋಳವೆಂದೇ ಇಟ್ಟುಕೊಳ್ಳೋಣ (ನಿಜವಾದ ಕಾಯಿ ತುಸು ಉದ್ದ). ಬಿಳಿ ತಿರುಳಿನ ಹೊರ ತ್ರಿಜ್ಯ 5 ಸೆಂ.ಮೀ., ಒಳ ತ್ರಿಜ್ಯ 4. ಹಲವರು ದಪ್ಪ 1 ಸೆಂ.ಮೀ. ಎಂದು ಅದನ್ನೇ ಘನ ಮಾಡಿ 2 ಘನ ಸೆಂ.ಮೀ. ಎಂದುಬಿಡುತ್ತಾರೆ. ಒಂದು ಚಮಚವೂ ತುಂಬದ ಕಾಯಿ! ಮೊದಲು ಎರಡೂ ತ್ರಿಜ್ಯಗಳನ್ನು ಬೇರೆಬೇರೆಯಾಗಿ ಘನ ಮಾಡಿ, ಆಮೇಲೆ ಕಳೆಯಬೇಕು: ⅔π(125 − 64), ಅಂದರೆ ಸುಮಾರು 128 ಘನ ಸೆಂ.ಮೀ.

ಮೇಲ್ಮೈ ಲೆಕ್ಕದಲ್ಲಿ ಮರೆತುಹೋಗುವುದು ಅಂಚು. ಹೊರಮೈ 2π×25, ಒಳಮೈ 2π×16, ಅಂಚಿನ ಬಳೆ π(25 − 16). ಒಟ್ಟು 91π, ಸುಮಾರು 286 ಚದರ ಸೆಂ.ಮೀ. ಆದರೆ ಕೊಬ್ಬರಿಗೆಂದು ಕರಟದ ಸಮೇತ ಒಣಹಾಕಿದರೆ ಹೊರಮೈಗೆ ಗಾಳಿ ತಾಗದು. ತೆರೆದಿರುವುದು 41π, ಸುಮಾರು 129 ಮಾತ್ರ.