ತೋಪು ಉಳಿಯುತ್ತದೆ, ಅಕ್ಷರ ಅಳಿಯುತ್ತದೆ

ಮಾವಿನ ತೋಪಿನ ಫೋಟೊವನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿದರೂ ಅದು ತೋಪು ಎಂದು ಗುರುತು ಸಿಗುತ್ತದೆ. ಲ್ಯಾಪ್‌ಟಾಪ್ ಪರದೆಯ ಸ್ಕ್ರೀನ್‌ಶಾಟನ್ನು ಅಷ್ಟೇ ಚಿಕ್ಕದು ಮಾಡಿದರೆ ಅದು ಯಾವುದೋ ಪರದೆ ಎಂಬುದಷ್ಟೇ ತಿಳಿದೀತು, ಅದರಲ್ಲಿ ಬರೆದಿದ್ದೆಲ್ಲ ಅಳಿಸಿಹೋಗಿರುತ್ತದೆ. ಚಿತ್ರ ನೋಡಿ ಉತ್ತರ ಹೇಳುವ ಕೃತಕ ಬುದ್ಧಿಮತ್ತೆಯ ಮಾಡೆಲ್‌ಗಳು ಫೋಟೊ ಕಂಡಾಗ ಚುರುಕಾಗಿ, ಸ್ಕ್ರೀನ್‌ಶಾಟ್ ಕಂಡಾಗ ಎಡವುವುದಕ್ಕೆ ಮುಖ್ಯ ಕಾರಣ ಇಲ್ಲೇ ಇದೆ. ಚಿತ್ರವನ್ನು ನಾವು ಕಳಿಸಿದ ಅಳತೆಯಲ್ಲೇ ಅವು ನೋಡುತ್ತವೆ ಎಂದು ನಾವು ನಂಬಿರುತ್ತೇವೆ. ಬಹಳ ಸಲ ಹಾಗಾಗುವುದಿಲ್ಲ.

2023ರಲ್ಲಿ ಬಂದ ಲಾವಾ 1.5 ಎಂಬ ಮಾಡೆಲನ್ನೇ ನೋಡೋಣ. ಅದರ ಒಳಗಿನ ವಿವರ ಬಹಿರಂಗವಾಗಿರುವುದರಿಂದ ಲೆಕ್ಕ ಹಾಕುವುದು ಸುಲಭ. ಯಾವ ಚಿತ್ರ ಬಂದರೂ ಅದು ಮೊದಲು ಖಾಲಿ ಪಟ್ಟಿ ಸೇರಿಸಿ ಚೌಕ ಮಾಡಿಕೊಳ್ಳುತ್ತದೆ, ಆಮೇಲೆ ಉದ್ದ ಅಗಲ ಎರಡನ್ನೂ 336 ಪಿಕ್ಸೆಲ್‌ಗೆ ಇಳಿಸುತ್ತದೆ. ಆ ಪುಟ್ಟ ಚಿತ್ರವನ್ನು 14 ಪಿಕ್ಸೆಲ್ ಉದ್ದಗಲದ ತುಣುಕುಗಳಾಗಿ ಕತ್ತರಿಸುತ್ತದೆ. ಅಡ್ಡಕ್ಕೆ 24, ಉದ್ದಕ್ಕೆ 24, ಒಟ್ಟು 576 ತುಣುಕು. ಒಂದೊಂದು ತುಣುಕೂ ಒಂದೊಂದು ಸಂಖ್ಯೆಗಳ ಸಾಲಾಗುತ್ತದೆ. ಭಾಷೆಯ ಭಾಗಕ್ಕೆ ತಲುಪುವುದು ಈ ಸಾಲುಗಳು ಮಾತ್ರ, ಮೂಲ ಚಿತ್ರವಲ್ಲ.

ಈಗ 1920 ಅಗಲ, 1080 ಎತ್ತರದ ಲ್ಯಾಪ್‌ಟಾಪ್ ಪರದೆಯ ಸ್ಕ್ರೀನ್‌ಶಾಟ್ ಅದರೊಳಗೆ ಹೋಯಿತು ಎನ್ನಿ. ಪರದೆಯ ತುಂಬ ಪ್ರೋಗ್ರಾಮಿನ ಸಾಲುಗಳು, ಕೆಳಗೆ ಎಲ್ಲೋ ಈ ದೋಷ ಸಂದೇಶ:

```
File "report.py", line 118, in load
KeyError: 'dist_cd'
```

ಚೌಕ ಮಾಡಲು ಸೇರಿಸಿದ ಖಾಲಿ ಪಟ್ಟಿಯೇ ಒಟ್ಟು ಜಾಗದ ನೂರಕ್ಕೆ 44 ಪಾಲು ನುಂಗಿಬಿಡುತ್ತದೆ. ಉಳಿದದ್ದರಲ್ಲಿ ಒಂದು ತುಣುಕು ಮೂಲ ಪರದೆಯ 80 ಪಿಕ್ಸೆಲ್ ಉದ್ದಗಲದ ಜಾಗವನ್ನು ಹೊರಬೇಕು. ಅಕ್ಷರಕ್ಕೆ 8 ಪಿಕ್ಸೆಲ್ ಅಗಲ, 16 ಎತ್ತರ ಎಂದು ಹಿಡಿದರೆ ಅಷ್ಟು ಜಾಗದಲ್ಲಿ ಐದು ಸಾಲು, ಸಾಲಿಗೆ ಹತ್ತರಂತೆ ಐವತ್ತು ಅಕ್ಷರ ಕೂತಿರುತ್ತವೆ. ಇಳಿಸಿದ ಮೇಲೆ ಒಂದು ಅಕ್ಷರಕ್ಕೆ ಸಿಗುವುದು ಒಂದೂವರೆ ಪಿಕ್ಸೆಲ್ ಅಗಲ, ಮೂರು ಪಿಕ್ಸೆಲ್ ಎತ್ತರ. ಅಷ್ಟರಲ್ಲಿ 8ಕ್ಕೂ 3ಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.

ಮಾವಿನ ತೋಪಿಗೆ ಈ ಗತಿ ಬರದಿರುವುದೇಕೆ? ಕ್ಯಾಮೆರಾ ಫೋಟೊದಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳು ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತವೆ. ಎಲೆಯ ಹಸಿರು ನಿಧಾನವಾಗಿ ನೆರಳಿಗೆ ಜಾರುತ್ತದೆ, ಒಂದು ಕೊಂಬೆ ಮಸುಕಾದರೆ ಇನ್ನೂ ಹತ್ತು ಕೊಂಬೆಗಳು ಅದೇ ವಿಷಯ ಹೇಳುತ್ತಿರುತ್ತವೆ. ಸ್ಕ್ರೀನ್‌ಶಾಟಿನ ಬಹುಪಾಲು ಒಂದೇ ಬಣ್ಣದ ಖಾಲಿ ಬಯಲು, ಇರುವ ವಿಷಯವೆಲ್ಲ ಕೂದಲೆಳೆಯಂಥ ಗೆರೆಗಳಲ್ಲಿ. ಅಲ್ಲಿ ಎರಡು ಪಿಕ್ಸೆಲ್ ಹೋದರೆ ಅರ್ಥವೇ ಹೋಗುತ್ತದೆ, ಅದನ್ನು ಮತ್ತೊಮ್ಮೆ ಹೇಳುವವರು ಯಾರೂ ಇಲ್ಲ. ವಾಟ್ಸಾಪಿನಲ್ಲಿ ಸ್ಕ್ರೀನ್‌ಶಾಟನ್ನು ಮಾಮೂಲಿ ಚಿತ್ರವಾಗಿ ಕಳಿಸಿದಾಗ ಆಗುವ ಹಾನಿಯೂ ಇದೇ ಜಾತಿಯದು. ಜೆಪೆಗ್ ಸಂಕುಚನವನ್ನು ಫೋಟೊಗಳಿಗಾಗಿ ರೂಪಿಸಿದ್ದರಿಂದ ಅದು ಚೂಪಾದ ಅಂಚುಗಳ ಸುತ್ತ ಕಲೆ ಎಬ್ಬಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಕಡತ ಇದ್ದ ಹಾಗೆಯೇ ತಲುಪುತ್ತದೆ.

ಓದಲಾಗದಿದ್ದರೆ ಓದಲಾಗುತ್ತಿಲ್ಲ ಎಂದು ಮಾಡೆಲ್ ಹೇಳಿಬಿಟ್ಟರೆ ತೊಂದರೆಯಿರಲಿಲ್ಲ. ಅದು ಊಹಿಸುತ್ತದೆ, ಊಹಿಸಿದೆ ಎಂದು ತಿಳಿಸುವುದಿಲ್ಲ. ಇದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. ಮಸುಕು ಗೆರೆಗಳ ಆಕಾರದಿಂದ ಇದೊಂದು ಪೈಥಾನ್ ದೋಷ ಎಂದು ತಿಳಿದರೆ ಸಾಕು, ಉಳಿದದ್ದನ್ನು ಅದು ಕಲಿತ ಭಾಷೆ ತುಂಬಿಕೊಡುತ್ತದೆ. `dist_cd` ಅಪರೂಪದ ಹೆಸರು, `dist_id` ಎಲ್ಲೆಡೆ ಸಿಗುವ ಹೆಸರು. ಹಾಗಾಗಿ ಉತ್ತರದಲ್ಲಿ ಎರಡನೆಯದು ಬಂದು ಕೂರುತ್ತದೆ, ಸಾಲಿನ ಸಂಖ್ಯೆ 118 ಇದ್ದದ್ದು 113 ಆಗುತ್ತದೆ, ಅದರ ಮೇಲೆ ತರ್ಕಬದ್ಧವಾದ ಪರಿಹಾರವೂ ಕಟ್ಟಿಕೊಳ್ಳುತ್ತದೆ. ಓದುವವರಿಗೆ ಎಲ್ಲವೂ ಸರಿಯೆನಿಸುತ್ತದೆ. ಫೋಟೊದ ವಿಚಾರದಲ್ಲಿ ಇಂಥ ಊಹೆ ಸಾಮಾನ್ಯವಾಗಿ ನೆರವಾಗುತ್ತದೆ, ಏಕೆಂದರೆ ತೋಪಿನಲ್ಲಿ ಇರಬಹುದಾದದ್ದೇ ಬಹುತೇಕ ಇರುತ್ತದೆ. ದೋಷ ಸಂದೇಶದಲ್ಲಿ ನಮಗೆ ಬೇಕಾಗಿರುವುದು ಎಲ್ಲೂ ಇಲ್ಲದ, ಇಲ್ಲಿ ಮಾತ್ರ ಇರುವ ಆ ಒಂದು ಹೆಸರು.

ಇದನ್ನು ಪತ್ತೆಹಚ್ಚಲು ಸರಳ ದಾರಿಯಿದೆ. ಪರಿಹಾರ ಕೇಳುವ ಮೊದಲು, ಚಿತ್ರದಲ್ಲಿರುವ ಸಂದೇಶವನ್ನು ಅಕ್ಷರ ಬಿಡದೆ ಬರೆದುಕೊಡಲು ಹೇಳಿ. ಆಮೇಲೆ ಕಡತದ ಹೆಸರು, ಸಾಲಿನ ಸಂಖ್ಯೆ, ಉದ್ಧರಣ ಚಿಹ್ನೆಯೊಳಗಿನ ಪದ, ಈ ಮೂರನ್ನು ಪರದೆಯೊಂದಿಗೆ ಹೋಲಿಸಿ. `KeyError` ಎಂಬ ಪದ ಸರಿಯಾಗಿ ಬಂತೆಂದು ನಂಬಬೇಡಿ. ಅದನ್ನು ನೋಡದೆಯೂ ಊಹಿಸಬಹುದು.

ಇತ್ತೀಚಿನ ಮಾಡೆಲ್‌ಗಳು ದೊಡ್ಡ ಚಿತ್ರವನ್ನು ಹೋಳುಗಳಾಗಿ ಒಡೆದು ಒಂದೊಂದನ್ನೂ ಬೇರೆಯಾಗಿ ನೋಡುತ್ತವೆ, ಇಲ್ಲವೇ ಹೆಚ್ಚು ಪಿಕ್ಸೆಲ್‌ಗಳನ್ನು ನೇರವಾಗಿ ಒಪ್ಪಿಕೊಳ್ಳುತ್ತವೆ. ಪರಿಸ್ಥಿತಿ ಬಹಳ ಸುಧಾರಿಸಿದೆ. ಆದರೆ ಮೇಲಿನ ಸ್ಕ್ರೀನ್‌ಶಾಟನ್ನು ಇಳಿಸದೆ 336ರ ಹೋಳುಗಳಾಗಿ ಹೊದಿಸಬೇಕೆಂದರೆ 24 ಹೋಳು, ಹೋಳಿಗೆ 576ರಂತೆ 13,824 ತುಣುಕು ಬೇಕು. ಅದಕ್ಕೆ ಸಮಯವೂ ಹಣವೂ ತಗಲುತ್ತದೆ, ಆದ್ದರಿಂದ ಎಲ್ಲೋ ಒಂದು ಕಡೆ ಮಿತಿ ಹಾಕಿಯೇ ಇರುತ್ತಾರೆ. ಮೊಬೈಲಿನಲ್ಲಿ ಆ್ಯಪಿನ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಉದ್ದಕ್ಕೆ ಸೆರೆಹಿಡಿದ ಸ್ಕ್ರೀನ್‌ಶಾಟ್ ಆ ಮಿತಿಗೆ ಥಟ್ಟನೆ ಸಿಕ್ಕಿಬೀಳುತ್ತದೆ. 1080 ಅಗಲ, 10,000 ಎತ್ತರದ ಚಿತ್ರವನ್ನು 1,500 ಎತ್ತರಕ್ಕೆ ಇಳಿಸಿದರೆ ಅಗಲ 162 ಪಿಕ್ಸೆಲ್ ಮಾತ್ರ. ಅದನ್ನು ನಾಲ್ಕೈದು ತುಂಡು ಮಾಡಿ ಕಳಿಸುವುದೇ ಮೇಲು.

ಕನ್ನಡದ ಆ್ಯಪ್ ಪರದೆಗಳಿಗೆ ಈ ಪೆಟ್ಟು ಇನ್ನೂ ಜೋರು. ನಮ್ಮ ಒತ್ತಕ್ಷರ ಮೇಲಿನ ಅಕ್ಷರಕ್ಕಿಂತ ಚಿಕ್ಕದು, ದಕ್ಕೂ ಧಕ್ಕೂ ಇರುವ ಅಂತರ ಬುಡದ ಒಂದು ಸಣ್ಣ ಸೀಳು. ಇಂಗ್ಲಿಷ್ ಅಕ್ಷರ ಹೇಗೋ ಬದುಕುಳಿಯುವ ಅಳತೆಯಲ್ಲಿ ಈ ಸೀಳು ಮುಚ್ಚಿಹೋಗುತ್ತದೆ. ಕನ್ನಡ ಪರದೆಯನ್ನು ತೋರಿಸುವಾಗ ಅಕ್ಷರವನ್ನು ದೊಡ್ಡದು ಮಾಡಿಕೊಂಡು ಸೆರೆಹಿಡಿಯುವುದು ಒಳ್ಳೆಯದು.

ದೋಷ ಸಂದೇಶಕ್ಕಾದರೆ ಚಿತ್ರವೇ ಬೇಡ. ಅದು ಮೂಲತಃ ಪಠ್ಯ, ನಕಲು ಮಾಡಿ ಅಂಟಿಸಿದರೆ ಒಂದು ಅಕ್ಷರವೂ ಕಳೆಯದು. ನಕಲಿಗೆ ಅವಕಾಶವಿಲ್ಲದ ಕಿಟಕಿಯಾಗಿದ್ದರೆ ಸಂದೇಶದ ಸುತ್ತ ಮಾತ್ರ ಕತ್ತರಿಸಿ. 1920ರ ಬದಲು 640 ಪಿಕ್ಸೆಲ್ ಅಗಲದ ತುಂಡು ಕೊಟ್ಟರೆ ಅದೇ ಹಳೆಯ ಲಾವಾದಲ್ಲೂ ಅಕ್ಷರದ ಎತ್ತರ ಮೂರರಿಂದ ಎಂಟು ಪಿಕ್ಸೆಲ್‌ಗೆ ಏರುತ್ತದೆ. ಪರದೆಗೇ ಮೊಬೈಲ್ ಹಿಡಿದು ಫೋಟೊ ತೆಗೆಯುವುದು ಮಾತ್ರ ಬೇಡವೇ ಬೇಡ. ಪರದೆಯ ಚುಕ್ಕಿಗಳ ಜಾಲವೂ ಕ್ಯಾಮೆರಾದ ಸಂವೇದಕದ ಜಾಲವೂ ಒಂದರ ಮೇಲೊಂದು ಬಿದ್ದು ಅಲೆಅಲೆಯಾದ ಪಟ್ಟೆಗಳು ಮೂಡುತ್ತವೆ. ಅವು ಅಕ್ಷರದ ಮೇಲೆಯೇ ಹರಿಯುತ್ತವೆ.

ನಕ್ಷೆಗಳ ಸಂಗತಿ ಬೇರೆ. ಅಲ್ಲಿ ಅಕ್ಷರ ಸ್ಪಷ್ಟವಾಗಿ ಓದಿಯೂ ತಪ್ಪಬಹುದು. ಕಂಬದ ಮೇಲೆ ಸಂಖ್ಯೆ ಬರೆದಿದ್ದರೆ ಮಾಡೆಲ್ ಅದನ್ನು ಓದುತ್ತದೆ. ಬರೆಯದಿದ್ದರೆ ಕಂಬದ ತುದಿಯಿಂದ ಅಕ್ಷದವರೆಗೆ ಅಡ್ಡಗೆರೆ ಎಳೆದಂತೆ ಅಳೆಯಬೇಕು. ತುಣುಕುಗಳಾಗಿ ನೋಡುವ ಕಣ್ಣಿಗೆ ದೂರದ ಎರಡು ಬಿಂದುಗಳ ಎತ್ತರ ಹೋಲಿಸುವುದು ಕಷ್ಟ. ಆದರೂ 47.3 ಎಂಬಂಥ ನಿಖರ ಅಂಕಿ ಬರುತ್ತದೆ. ಅಕ್ಷ ಸೊನ್ನೆಯ ಬದಲು 40ರಿಂದ ಶುರುವಾಗಿದ್ದರೆ, ಎರಡರಷ್ಟು ಎತ್ತರ ಕಂಡ ಕಂಬಕ್ಕೆ ಎರಡರಷ್ಟು ಬೆಲೆ ಎಂದು ಹೇಳಿಬಿಡುವುದೂ ಉಂಟು. ನಕ್ಷೆಯಲ್ಲಿ ಎಲ್ಲೂ ಬರೆದಿರದ ದಶಾಂಶ ಉತ್ತರದಲ್ಲಿ ಕಂಡರೆ ಅದನ್ನು ಅಂದಾಜು ಎಂದೇ ಗುರುತು ಹಾಕಿಕೊಳ್ಳಿ. ನಿಜವಾದ ಅಂಕಿ ಬೇಕಿದ್ದರೆ ಆ ನಕ್ಷೆ ಹುಟ್ಟಿದ ಕೋಷ್ಟಕವನ್ನೇ ಕೊಡಬೇಕು.